ಬಣ್ಣ ಬದಲಾದರೆ ಸಿಗುವ ಚಿತ್ರ, ಅಂಚು ಕತ್ತರಿಸಿದರೆ ಏಕೆ ತಪ್ಪಿಸಿಕೊಳ್ಳುತ್ತದೆ?

ದೊಡ್ಡ ಚಿತ್ರಸಂಗ್ರಹಗಳಲ್ಲಿ ಒಂದೇ ಛಾಯಾಚಿತ್ರದ ಹಲವು ನಕಲುಗಳನ್ನು ಪತ್ತೆಹಚ್ಚುವ ವ್ಯವಸ್ಥೆಗಳನ್ನು ಕಟ್ಟಿಕೊಡುವುದು ನನ್ನ ಕೆಲಸ. ಈ ಕೆಲಸದಲ್ಲಿ ನಾನು ಅತಿ ಹೆಚ್ಚು ಬಾರಿ ಕೇಳಿರುವ ದೂರು ಒಂದೇ. ಗ್ರಾಹಕರು ಮೂಲ ಚಿತ್ರವನ್ನೂ ಅದರ ಎರಡು ನಕಲುಗಳನ್ನೂ ತೆರೆಯ ಮೇಲೆ ಅಕ್ಕಪಕ್ಕದಲ್ಲಿ ತೆರೆದಿಡುತ್ತಾರೆ. ಮೊದಲನೆಯ ನಕಲನ್ನು ಯಾರೋ ಕಂದುಬಣ್ಣಕ್ಕೆ ತಿರುಗಿಸಿ, ಮಂಕುಮಾಡಿ, ಗಾತ್ರವನ್ನು ಕಾಲುಭಾಗಕ್ಕೆ ಇಳಿಸಿದ್ದಾರೆ. ವ್ಯವಸ್ಥೆ ಅದನ್ನು ಹಿಡಿದಿದೆ. ಎರಡನೆಯದರ ಎಡಬದಿಯಲ್ಲಿ ಒಂದು ಪಟ್ಟಿಯಷ್ಟನ್ನು ಕತ್ತರಿಸಿದ್ದಾರೆ, ಉಳಿದದ್ದೆಲ್ಲ ಹಾಗೆಯೇ ಇದೆ. ವ್ಯವಸ್ಥೆ ಅದನ್ನು ಬಿಟ್ಟಿದೆ. "ಅಷ್ಟೊಂದು ಬದಲಾದದ್ದು ಸಿಕ್ಕಿತು, ಒಂದಿಷ್ಟು ಅಂಚು ಹೋದದ್ದು ಸಿಗಲಿಲ್ಲ ಎಂದರೆ ನಿಮ್ಮ ತಂತ್ರಾಂಶದಲ್ಲಿ ಎಲ್ಲೋ ದೋಷವಿದೆ, ಸರ್" ಎನ್ನುತ್ತಾರೆ. ದೋಷವಿಲ್ಲ. ಎಷ್ಟು ಬದಲಾಗಿದೆ ಎಂದು ಕಣ್ಣು ಅಳೆಯುವ ಕೋಲೇ ಬೇರೆ, ಚಿತ್ರದ ನೋಟವನ್ನು ಕೆಲವೇ ಬಿಟ್‌ಗಳ ಗುರುತಾಗಿ ಇಳಿಸುವ ಪರ್ಸೆಪ್ಚುವಲ್ ಹ್ಯಾಶ್ ಅಳೆಯುವ ಕೋಲೇ ಬೇರೆ. ಇದನ್ನು ನಾನು ಎಷ್ಟು ಸಲ ಬಾಯಲ್ಲಿ ವಿವರಿಸಿದ್ದೇನೆಂದರೆ, ಇನ್ನು ಬರೆದಿಡುವುದೇ ಮೇಲು ಎನಿಸಿದೆ.

ಕಡತದ ಒಂದೇ ಒಂದು ಬಿಟ್ ಬದಲಾದರೂ SHA-256 ಹ್ಯಾಶ್ ಪೂರ್ತಿ ಬೇರೆಯಾಗುತ್ತದೆ ಎಂಬುದನ್ನು ಓದುಗರು ಬಲ್ಲರೆಂದು ಭಾವಿಸುತ್ತೇನೆ. ಪರ್ಸೆಪ್ಚುವಲ್ ಹ್ಯಾಶ್ ಇದಕ್ಕೆ ತದ್ವಿರುದ್ಧ: ಚಿತ್ರ ಸ್ವಲ್ಪ ಬದಲಾದರೆ ಹ್ಯಾಶ್ ಕೂಡ ಸ್ವಲ್ಪವೇ ಬದಲಾಗಬೇಕು. ಇದರಲ್ಲಿ ಹಲವು ಬಗೆಗಳಿದ್ದರೂ, ಕೈಲೆಕ್ಕದಲ್ಲಿ ಮಾಡಿ ತೋರಿಸಬಹುದಾದ ಡಿ-ಹ್ಯಾಶ್ ಎಂಬುದನ್ನೇ ಇಲ್ಲಿ ತೆಗೆದುಕೊಳ್ಳುತ್ತೇನೆ. ಚಿತ್ರವನ್ನು ಮೊದಲು ಕಪ್ಪುಬಿಳುಪಿಗೆ ಇಳಿಸಿ, ಅದರ ಅಗಲ ಎತ್ತರ ಏನೇ ಇರಲಿ, ಸಾಲಿಗೆ 9 ಚೌಕಗಳಂತೆ 8 ಸಾಲುಗಳಿಗೆ ಕುಗ್ಗಿಸುತ್ತೇವೆ. ಪ್ರತಿ ಚೌಕಕ್ಕೂ ಒಂದೇ ಸಂಖ್ಯೆ; ಅದು ಆ ಭಾಗದ ಸರಾಸರಿ ಬೆಳಕು. ಆಮೇಲೆ ಪ್ರತಿ ಸಾಲಿನಲ್ಲೂ ಎಡದಿಂದ ಬಲಕ್ಕೆ ಹೋಗುತ್ತ, ಬಲಗಡೆಯ ಚೌಕ ಎಡಗಡೆಯದಕ್ಕಿಂತ ಬೆಳಕಾಗಿದ್ದರೆ 1, ಇಲ್ಲದಿದ್ದರೆ 0 ಎಂದು ಬರೆಯುತ್ತೇವೆ. ಸಾಲಿಗೆ 8 ಬಿಟ್, ಒಟ್ಟು 64 ಬಿಟ್. ಎರಡು ಚಿತ್ರಗಳ ಹ್ಯಾಶ್‌ಗಳಲ್ಲಿ ಎಷ್ಟು ಸ್ಥಾನಗಳ ಬಿಟ್‌ಗಳು ಬೇರೆಯಾಗಿವೆ ಎಂಬ ಎಣಿಕೆಗೆ ಹ್ಯಾಮಿಂಗ್ ಅಂತರ ಎನ್ನುತ್ತಾರೆ. ಅಂತರ 10ರ ಒಳಗಿದ್ದರೆ ನಕಲೆಂದು ಶಂಕಿಸುವುದು ಸಾಮಾನ್ಯ ರೂಢಿ, ಅದು ನಿಯಮವೇನಲ್ಲ.

ಒಂದೇ ಒಂದು ಸಾಲನ್ನು ಹಿಡಿದು ನೋಡೋಣ. ಅದರ ಒಂಬತ್ತು ಚೌಕಗಳ ಬೆಳಕು ಮತ್ತು ಅದರಿಂದ ಬರುವ ಎಂಟು ಬಿಟ್‌ಗಳು ಹೀಗಿರಲಿ:

```
40  62  85  120  118  90  131  150  142
11100110
```

ಈಗ ಯಾರೋ ಚಿತ್ರವನ್ನು ಬೆಳಗಿಸಿದರು ಎನ್ನಿ. ಪ್ರತಿ ಸಂಖ್ಯೆಯನ್ನೂ 1.2ರಿಂದ ಗುಣಿಸಿ 10 ಕೂಡಿಸಿದರೆ 40 ಹೋಗಿ 58 ಆಗುತ್ತದೆ, 62 ಹೋಗಿ 84 ಆಗುತ್ತದೆ, 150 ಹೋಗಿ 190 ಆಗುತ್ತದೆ. ಒಂಬತ್ತೂ ಸಂಖ್ಯೆಗಳು ಬದಲಾದವು. ಆದರೆ ಯಾವುದು ಯಾವುದಕ್ಕಿಂತ ದೊಡ್ಡದು ಎಂಬ ಕ್ರಮ ಒಂದು ಕಡೆಯೂ ಬದಲಾಗಲಿಲ್ಲ, ಆದ್ದರಿಂದ ಎಂಟು ಬಿಟ್‌ಗಳೂ ಇದ್ದಂತೆಯೇ ಉಳಿದವು. ಡಿ-ಹ್ಯಾಶ್ ಬೆಳಕಿನ ಪ್ರಮಾಣವನ್ನು ನೆನಪಿಡುವುದೇ ಇಲ್ಲ. ಅಕ್ಕಪಕ್ಕದ ಚೌಕಗಳ ಏರಿಳಿತವನ್ನಷ್ಟೇ ನೆನಪಿಡುತ್ತದೆ. ಕಂದುಬಣ್ಣಕ್ಕೆ ತಿರುಗಿಸಿದ, ಮಂಕಾಗಿಸಿದ ನಕಲು ಅಂತರ 0ರಲ್ಲೋ 1ರಲ್ಲೋ ಸಿಕ್ಕಿಬೀಳುವುದು ಈ ಕಾರಣದಿಂದ.

ಬಣ್ಣದ ಬದಲಾವಣೆಯೆಲ್ಲ ನಿರಪಾಯವೆಂದು ಇದರಿಂದ ತಿಳಿಯಬಾರದು. ಕಪ್ಪುಬಿಳುಪಿಗೆ ಇಳಿಸುವಾಗ ಸಾಮಾನ್ಯವಾಗಿ ಕೆಂಪಿಗೆ 0.299, ಹಸಿರಿಗೆ 0.587, ನೀಲಿಗೆ 0.114 ತೂಕ ಕೊಡುತ್ತಾರೆ. ಕೆಂಪನ್ನು ಮಾತ್ರ ವಿಪರೀತ ಎತ್ತಿ ನೀಲಿಯನ್ನು ಅದುಮುವ ಫಿಲ್ಟರ್ ಹಾಕಿದರೆ, ಮೊದಲು ಆಕಾಶಕ್ಕಿಂತ ಕಪ್ಪಾಗಿದ್ದ ಕೆಂಪು ಬಟ್ಟೆ ಆಮೇಲೆ ಆಕಾಶಕ್ಕಿಂತ ಬೆಳಕಾಗಬಹುದು. ಆಗ ಕ್ರಮ ತಿರುಗುಮುರುಗಾಗುತ್ತದೆ, ಬಿಟ್‌ಗಳು ಬದಲಾಗುತ್ತವೆ. ಚಿತ್ರದ ಬೆಳಕು ಕತ್ತಲನ್ನು ನೆಗೆಟಿವ್‌ನಂತೆ ಅದಲುಬದಲು ಮಾಡಿದರಂತೂ ಬಹುಪಾಲು ಎಲ್ಲ ಬಿಟ್‌ಗಳೂ ಬದಲಾಗಿ ಅಂತರ 64ರ ಹತ್ತಿರ ಬರುತ್ತದೆ. ಆಕಸ್ಮಿಕವಾಗಿ ಅಷ್ಟು ದೊಡ್ಡ ಅಂತರ ಬರುವುದು ತೀರ ಅಪರೂಪವಾದ್ದರಿಂದ, ಆ ತುದಿಯೂ ನಕಲಿನ ಸುಳಿವೇ.

ಈಗ ಕತ್ತರಿಗೆ ಬರೋಣ. ಅದೇ ಸಾಲಿನ ಎಡಬದಿಯಲ್ಲಿ ಐದನೆಯ ಒಂದು ಭಾಗ, ಎಂದರೆ ಶೇ. 20 ಹೋಯಿತು. ಉಳಿದ ಚಿತ್ರದಲ್ಲಿ ಒಂದು ಪಿಕ್ಸೆಲ್ ಕೂಡ ಬದಲಾಗಿಲ್ಲ. ಆದರೆ ಹ್ಯಾಶ್ ಮಾಡುವಾಗ ಉಳಿದ ಶೇ. 80ನ್ನೇ ಮತ್ತೆ ಒಂಬತ್ತು ಚೌಕಗಳಾಗಿ ಹಂಚಬೇಕು. ಪ್ರತಿ ಚೌಕದ ಅಗಲ ಮೊದಲಿನ ಹತ್ತರಲ್ಲಿ ಎಂಟು ಭಾಗಕ್ಕೆ ಇಳಿಯುತ್ತದೆ, ಪ್ರತಿ ಗೆರೆಯೂ ಬೇರೆ ಜಾಗದಲ್ಲಿ ಬೀಳುತ್ತದೆ. ಹಳೆಯ ಎರಡು ಮೂರನೆಯ ಚೌಕಗಳ ತುಣುಕುಗಳು ಸೇರಿ ಹೊಸ ಮೊದಲನೆಯ ಚೌಕವಾಗುತ್ತದೆ, ಮೂರು ನಾಲ್ಕನೆಯವುಗಳ ತುಣುಕುಗಳು ಸೇರಿ ಎರಡನೆಯದಾಗುತ್ತದೆ. ಪ್ರತಿ ಹಳೆಯ ಚೌಕದೊಳಗೆ ಬೆಳಕು ಸಮನಾಗಿದೆ ಎಂದಿಟ್ಟುಕೊಂಡು ಲೆಕ್ಕಹಾಕಿ, ಪೂರ್ಣಾಂಕಕ್ಕೆ ತಂದರೆ ಹೀಗೆ ಬರುತ್ತದೆ:

```
79  103  120  118  90  121  141  148  142
11001110
```

ಹಳೆಯ 11100110 ಜೊತೆ ಹೋಲಿಸಿದರೆ ಮೂರನೆಯ ಮತ್ತು ಐದನೆಯ ಬಿಟ್‌ಗಳು ಬೇರೆಯಾಗಿವೆ. ಎರಡೇ ತಾನೇ ಎನ್ನಬೇಡಿ. ಇದು ಒಂದು ಸಾಲಿನ ಲೆಕ್ಕ. ಎಂಟು ಸಾಲುಗಳಲ್ಲೂ ಹೀಗೆಯೇ ಎರಡೆರಡು ಬಿಟ್ ಬದಲಾದರೆ ಅಂತರ 16, ನಮ್ಮ ಮಿತಿ 10. ಚಿತ್ರ ತಪ್ಪಿಸಿಕೊಂಡಿತು. ಇನ್ನು ಎಡದಲ್ಲಿ ಶೇ. 5 ಮಾತ್ರ ಕತ್ತರಿಸಿ ಇದೇ ಲೆಕ್ಕವನ್ನು ಮಾಡಿ ನೋಡಿದರೆ, ಎಂಟೂ ಬಿಟ್‌ಗಳು ಹಾಗೆಯೇ ಉಳಿಯುತ್ತವೆ: ಚೌಕಗಳು ಸ್ವಲ್ಪ ಸರಿದರೂ ಏರು ಏರಾಗಿಯೇ, ಇಳಿತ ಇಳಿತವಾಗಿಯೇ ಉಳಿಯುವಷ್ಟು ಸಡಿಲ ಅಲ್ಲಿದೆ. ಆದ್ದರಿಂದ ಈ ಹ್ಯಾಶ್ ಕತ್ತರಿಯನ್ನು ತಡೆದುಕೊಳ್ಳುತ್ತದೆಯೇ ಎಂದು ಕೇಳಿದರೆ, ಅಂಚನ್ನು ಹೆರೆದರೆ ತಡೆದುಕೊಳ್ಳುತ್ತದೆ, ಚಿತ್ರದ ಚೌಕಟ್ಟನ್ನೇ ಬದಲಿಸಿದರೆ ತಡೆದುಕೊಳ್ಳುವುದಿಲ್ಲ ಎಂಬುದು ಪ್ರಾಮಾಣಿಕ ಉತ್ತರ. ಗಡಿ ನಿಖರವಾಗಿ ಎಲ್ಲಿದೆ ಎಂಬುದು ಚಿತ್ರದಿಂದ ಚಿತ್ರಕ್ಕೆ ಬೇರೆಯಾಗುತ್ತದೆ: ವಿಶಾಲವಾದ ಏರಿಳಿತಗಳಿರುವ ಭೂದೃಶ್ಯ ಹೆಚ್ಚು ತಾಳುತ್ತದೆ, ಸಣ್ಣ ಸಣ್ಣ ವಸ್ತುಗಳು ಕಿಕ್ಕಿರಿದಿರುವ ಚಿತ್ರ ಕಡಿಮೆ ತಾಳುತ್ತದೆ.

ಇಷ್ಟನ್ನು ಕೇಳಿದ ಮೇಲೆ ಗ್ರಾಹಕರು ತಪ್ಪದೆ ಹೇಳುವ ಮಾತು: "ಹಾಗಾದರೆ ಮಿತಿಯನ್ನು 10ರಿಂದ 18ಕ್ಕೆ ಏರಿಸಿಬಿಡಿ." ನನಗೆ ತಾಳ್ಮೆ ತಪ್ಪುವುದು ಇಲ್ಲಿ. 10 ಬಿಟ್ ಬೇರೆಯಾದರೆ 54 ಬಿಟ್ ಒಂದೇ, ಆದ್ದರಿಂದ ಚಿತ್ರಗಳು ಶೇ. 84ರಷ್ಟು ಹೋಲುತ್ತವೆ ಎಂಬ ಎಣಿಕೆ ಈ ಸಲಹೆಯ ಹಿಂದಿರುತ್ತದೆ. ಪರಸ್ಪರ ಏನೇನೂ ಸಂಬಂಧವಿಲ್ಲದ ಎರಡು ಹ್ಯಾಶ್‌ಗಳಲ್ಲೂ, ನಾಣ್ಯ ಚಿಮ್ಮಿದಂತೆ, ಸುಮಾರು ಅರ್ಧ ಬಿಟ್‌ಗಳು ಒಂದೇ ಆಗಿರುತ್ತವೆ. ಅಳತೆ ಶುರುವಾಗುವುದು 64ರಿಂದಲ್ಲ, 32ರಿಂದ. ಬಿಟ್‌ಗಳು ಪೂರ್ತಿ ಯಾದೃಚ್ಛಿಕವೆಂದುಕೊಂಡರೆ, ಸಂಬಂಧವಿಲ್ಲದ ಒಂದು ಜೋಡಿ 10 ಅಥವಾ ಅದಕ್ಕಿಂತ ಕಡಿಮೆ ಅಂತರದಲ್ಲಿ ಬೀಳುವ ಸಂಭವ ಸುಮಾರು 10 ಕೋಟಿಗೆ ಒಂದು. ಅಪರೂಪವೆನಿಸುತ್ತದೆ. ಆದರೆ ಒಂದು ಲಕ್ಷ ಚಿತ್ರಗಳ ಸಂಗ್ರಹದಲ್ಲಿ ಹೋಲಿಸಬೇಕಾದ ಜೋಡಿಗಳು ಸುಮಾರು 500 ಕೋಟಿ. ಎಂದರೆ ಆಕಸ್ಮಿಕವಾಗಿಯೇ 50 ಸುಳ್ಳು ಜೋಡಿಗಳು. ಮಿತಿಯನ್ನು ಏರಿಸಿದಂತೆ ಈ ಎಣಿಕೆ ಮೆಟ್ಟಿಲು ಮೆಟ್ಟಿಲಾಗಿ ಏರುವುದಿಲ್ಲ, ಪ್ರತಿ ಬಿಟ್‌ಗೂ ಹಲವು ಪಟ್ಟು ಹಿಗ್ಗುತ್ತದೆ. ನಿಜವಾದ ಚಿತ್ರಗಳಂತೂ ಯಾದೃಚ್ಛಿಕವಲ್ಲ, ಮೇಲೆ ಆಕಾಶ ಕೆಳಗೆ ನೆಲ ಎಂಬ ಒಂದೇ ಅಚ್ಚಿನವು ಬಹಳ. ಹಾಗಾಗಿ ಸುಳ್ಳು ಜೋಡಿಗಳು ಈ ಲೆಕ್ಕಕ್ಕಿಂತ ಹೆಚ್ಚೇ ಇರುತ್ತವೆ.

ಒಮ್ಮೆ ಒಬ್ಬ ಗ್ರಾಹಕರು ನನ್ನನ್ನು ಕೇಳದೆಯೇ ಮಿತಿಯನ್ನು ಏರಿಸಿದ್ದರು. ಅವರ ಸಂಗ್ರಹದಲ್ಲಿ ಛಾಯಾಚಿತ್ರಗಳ ಜೊತೆಗೆ ಸ್ಕ್ಯಾನ್ ಮಾಡಿದ ಕಾಗದಗಳೂ ಇದ್ದವು. ಮರುದಿನ ಬೆಳಿಗ್ಗೆ ಪತ್ರ, ರಸೀದಿ, ಅರ್ಜಿಗಳೆಲ್ಲ ಒಂದರ ನಕಲು ಇನ್ನೊಂದು ಎಂದು ಒಂದೇ ಗುಂಪಿನಲ್ಲಿ ಬಂದು ಕುಳಿತಿದ್ದವು. ಬಿಳಿ ಹಾಳೆಯ ಮೇಲೆ ಸಣ್ಣ ಅಕ್ಷರಗಳಿದ್ದರೆ, ಚೌಕಗಳಿಗೆ ಕುಗ್ಗಿಸಿದಾಗ ಎಲ್ಲವೂ ಹೆಚ್ಚುಕಡಿಮೆ ಒಂದೇ ಬಿಳುಪು. ಅಕ್ಕಪಕ್ಕದ ವ್ಯತ್ಯಾಸ ಒಂದೋ ಎರಡೋ ಇರುವಾಗ ಬಿಟ್‌ಗೆ ಅರ್ಥವೇ ಇರುವುದಿಲ್ಲ. ಜೆಪೆಗ್ ಆಗಿ ಇನ್ನೊಮ್ಮೆ ಉಳಿಸಿದರೂ ಅದು ತಿರುಗಬಹುದು. ಈ ರೋಗವನ್ನು ಪತ್ತೆಮಾಡುವುದು ಸುಲಭ: ಯಾವುದಾದರೂ ಒಂದು ಚಿತ್ರಕ್ಕೆ ಅಸಹಜವಾಗಿ ಹೆಚ್ಚು ನಕಲುಗಳು ಕಂಡರೆ, ಹ್ಯಾಶ್ ಮಾಡುವ ಮುನ್ನ ಅದರ ಚೌಕಗಳಲ್ಲಿ ಎಷ್ಟು ಏರಿಳಿತವಿದೆ ಎಂದು ನೋಡಬೇಕು. ಫೇಸ್‌ಬುಕ್ 2019ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟ PDQ ಎಂಬ 256 ಬಿಟ್‌ಗಳ ಹ್ಯಾಶ್, ತನ್ನ ಜೊತೆಗೇ ಒಂದು ಗುಣಮಟ್ಟದ ಅಂಕವನ್ನೂ ಕೊಡುವುದು ಇದಕ್ಕಾಗಿಯೇ. ಸಪಾಟಾದ ಚಿತ್ರಕ್ಕೆ ಕಡಿಮೆ ಅಂಕ ಬರುತ್ತದೆ, ಅಂಥದ್ದನ್ನು ಹೋಲಿಕೆಯಿಂದ ಹೊರಗಿಡಬಹುದು.

ಹಾಗಾದರೆ ದೊಡ್ಡದಾಗಿ ಕತ್ತರಿಸಿದ ನಕಲನ್ನು ಹಿಡಿಯುವುದು ಹೇಗೆ? ಇಡೀ ಚಿತ್ರಕ್ಕೆ ಒಂದೇ ಹ್ಯಾಶ್ ಎಂಬುದನ್ನು ಬಿಡಬೇಕು. ಚಿತ್ರವನ್ನು ಬೆಳಕಿನ ಮತ್ತು ಕತ್ತಲಿನ ದೊಡ್ಡ ತುಂಡುಗಳಾಗಿ ವಿಂಗಡಿಸಿ, ಪ್ರತಿ ತುಂಡಿಗೂ ಪ್ರತ್ಯೇಕ ಹ್ಯಾಶ್ ಮಾಡುವುದು ಒಂದು ದಾರಿ. ಕತ್ತರಿ ಒಂದೆರಡು ತುಂಡುಗಳನ್ನು ನುಂಗಿದರೂ ಪೂರ್ತಿಯಾಗಿ ಉಳಿದವು ತಮ್ಮ ಹ್ಯಾಶ್‌ಗಳನ್ನು ಉಳಿಸಿಕೊಳ್ಳುತ್ತವೆ. ನನ್ನ ಅನುಭವದಲ್ಲಿ ಹೆಚ್ಚು ಭರವಸೆಯದ್ದು ಇನ್ನೊಂದು. ORBಯಂಥ ವಿಧಾನಗಳು ಚಿತ್ರದಲ್ಲಿ ಮೂಲೆಗಳಂಥ ಎದ್ದುಕಾಣುವ ನೂರಾರು ಬಿಂದುಗಳನ್ನು ಆರಿಸಿ, ಪ್ರತಿ ಬಿಂದುವಿನ ಸುತ್ತಲಿನ ಸಣ್ಣ ತುಣುಕನ್ನು ಮಾತ್ರ ಬಿಟ್‌ಗಳಲ್ಲಿ ವರ್ಣಿಸುತ್ತವೆ. ಕಿಟಕಿಯ ಮೂಲೆಯ ವರ್ಣನೆಗೆ ಚಿತ್ರದ ಎಡ ಅಂಚು ಎಲ್ಲಿದೆ ಎಂಬುದು ಬೇಕಿಲ್ಲ. ಎರಡು ಚಿತ್ರಗಳ ಬಿಂದುಗಳನ್ನು ಜೋಡಿಸಿದ ಮೇಲೆ, ಅವೆಲ್ಲವೂ ಒಂದೇ ಸರಿತ ಮತ್ತು ಒಂದೇ ಹಿಗ್ಗುವಿಕೆಗೆ ಒಪ್ಪುತ್ತವೆಯೇ ಎಂದು ಪರೀಕ್ಷಿಸಬೇಕು. ಬಹುಪಾಲು ಬಿಂದುಗಳು ಒಪ್ಪಿದರೆ ನಕಲೆನ್ನಬಹುದು, ಚೆಲ್ಲಾಪಿಲ್ಲಿಯಾದರೆ ಆ ಹೋಲಿಕೆ ಕಾಕತಾಳೀಯ.

ಇದರ ಬೆಲೆ ಸಮಯ. 64 ಬಿಟ್‌ಗಳ ಹೋಲಿಕೆ ಕಣ್ಣು ಮಿಟುಕಿಸುವುದರಲ್ಲಿ ಲಕ್ಷಗಟ್ಟಲೆ ನಡೆದರೆ, ಬಿಂದುಗಳ ಜೋಡಣೆ ಪ್ರತಿ ಜೋಡಿಗೂ ನಿಧಾನ. ಆದ್ದರಿಂದ ನಾನು ಸಾಮಾನ್ಯವಾಗಿ ಹ್ಯಾಶ್‌ನ ಮಿತಿಯನ್ನು ಬಿಗಿಯಾಗಿಯೇ ಇಟ್ಟು ಬಣ್ಣ, ಗಾತ್ರ, ಅಂಚಿನ ಹೆರೆತಗಳನ್ನು ಅದಕ್ಕೆ ಬಿಡುತ್ತೇನೆ. ಕತ್ತರಿಸಿದ ನಕಲುಗಳು ನಿಜಕ್ಕೂ ಮುಖ್ಯವೆಂದು ಗ್ರಾಹಕರು ಹೇಳಿದಲ್ಲಿ ಮಾತ್ರ, ಒಂದೇ ದಿನಾಂಕ ಅಥವಾ ಒಂದೇ ಶೀರ್ಷಿಕೆಯಂಥ ಬೇರೊಂದು ಸುಳಿವಿನಿಂದ ಆಯ್ದ ಚಿತ್ರಗಳ ಮೇಲೆ ಬಿಂದುಗಳ ಪರೀಕ್ಷೆಯನ್ನು ನಡೆಸುತ್ತೇನೆ.

ಎಷ್ಟೇ ಬಿಗಿಯಾದ ಮಿತಿಯಿಟ್ಟರೂ ತಾನಾಗಿ ಅಳಿಸುವ ಅಧಿಕಾರವನ್ನು ವ್ಯವಸ್ಥೆಗೆ ನಾನು ಕೊಡುವುದಿಲ್ಲ. ಒಬ್ಬ ಛಾಯಾಗ್ರಾಹಕರು, ತುಂಬ ಒಳ್ಳೆಯವರು, ಆದರೆ ಅವಸರದವರು, ಅಂತರ 2ರ ಒಳಗಿದ್ದರೆ ದೊಡ್ಡ ಕಡತವನ್ನು ಉಳಿಸಿ ಚಿಕ್ಕದನ್ನು ಅಳಿಸುವಂತೆ ತಾವೇ ಬದಲಾಯಿಸಿಕೊಂಡರು. ಒಂದು ಗುಂಪುಚಿತ್ರವನ್ನು ಅವರು ಒಂದರ ಹಿಂದೊಂದರಂತೆ ಎರಡು ಬಾರಿ ಕ್ಲಿಕ್ಕಿಸಿದ್ದರು, ಮೊದಲನೆಯದರಲ್ಲಿ ನಡುವೆ ಕುಳಿತ ಹಿರಿಯರ ಕಣ್ಣು ಮುಚ್ಚಿತ್ತು. 72 ಚೌಕಗಳಲ್ಲಿ ಒಂದು ಕಣ್ಣಿನ ರೆಪ್ಪೆಗೆ ಜಾಗವೆಲ್ಲಿದೆ? ಎರಡಕ್ಕೂ ಒಂದೇ ಹ್ಯಾಶ್ ಬಂದಿತು. ದೊಡ್ಡ ಕಡತ ಕಣ್ಣು ಮುಚ್ಚಿದ ಚಿತ್ರದ್ದಾಗಿತ್ತು.