ಪುಸ್ತಕ ಎದುರಿಗಿದ್ದರೂ ಉತ್ತರ ಸಿಗುವುದಿಲ್ಲವೇಕೆ?

ಪುಸ್ತಕ ನೋಡಿಕೊಂಡೇ ಉತ್ತರಿಸಬಹುದಾದ ಪರೀಕ್ಷೆ ಸುಲಭವಾಗಿರುತ್ತದೆ ಎಂದುಕೊಳ್ಳುವವರು ಮೊದಲು ಗಡಿಯಾರದ ಲೆಕ್ಕವನ್ನೊಮ್ಮೆ ಮಾಡಿ ನೋಡಬೇಕು. ಕಂಪ್ಯೂಟರ್ ಭದ್ರತೆಯ ಕ್ಷೇತ್ರದವರು ಬರೆಯುವ ಜಿಯಾಕ್ ಪ್ರಮಾಣಪತ್ರದ ಪರೀಕ್ಷೆಗಳನ್ನೇ ತೆಗೆದುಕೊಳ್ಳೋಣ. ಮುದ್ರಿತ ಪುಸ್ತಕಗಳನ್ನೂ ಕೈಯಾರೆ ಸಿದ್ಧಪಡಿಸಿದ ಟಿಪ್ಪಣಿಗಳನ್ನೂ ಅಲ್ಲಿ ಜೊತೆಗೆ ಒಯ್ಯಬಹುದು. ಫೋನ್, ಲ್ಯಾಪ್‌ಟಾಪ್, ಇಂಟರ್‌ನೆಟ್ ಹುಡುಕಾಟ ಯಾವುದಕ್ಕೂ ಅವಕಾಶವಿಲ್ಲ. ಇವುಗಳಲ್ಲಿ ಜಿಸಿಐಎಚ್ ಎಂಬ ಪರೀಕ್ಷೆಗೆ 106 ಪ್ರಶ್ನೆಗಳು, 4 ಗಂಟೆ ಸಮಯ. ಪ್ರಶ್ನೆಯನ್ನು ಓದಿ, ಆಯ್ಕೆಗಳನ್ನು ತೂಗಿ ನೋಡುವುದಕ್ಕೆ ತಲಾ ಒಂದು ನಿಮಿಷ ಬೇಕೆಂದರೂ 106 ನಿಮಿಷ ಅಲ್ಲಿಗೇ ಮುಗಿಯಿತು. ಉಳಿಯುವ 134 ನಿಮಿಷಗಳಷ್ಟೇ ಪುಸ್ತಕ ತೆರೆಯುವುದಕ್ಕೆ ಸಿಗುವ ಕಾಲ. ಪ್ರತಿ ಹುಡುಕಾಟಕ್ಕೆ 4 ನಿಮಿಷ ಹಿಡಿದರೆ 33 ಪ್ರಶ್ನೆಗಳಿಗೆ ಮಾತ್ರ ಪುಸ್ತಕದ ನೆರವು ದೊರೆಯುತ್ತದೆ; 45 ಸೆಕೆಂಡಿನಲ್ಲಿ ಪುಟ ಸಿಕ್ಕರೆ ಎಲ್ಲ ಪ್ರಶ್ನೆಗಳಿಗೂ ಒಮ್ಮೆ ನೋಡಿ, ಇನ್ನೂ ಸಮಯ ಉಳಿಸಿಕೊಳ್ಳಬಹುದು. ಪುಸ್ತಕ ಎರಡೂ ಸಂದರ್ಭಗಳಲ್ಲಿ ಒಂದೇ. ವ್ಯತ್ಯಾಸವಿರುವುದು ಪದಸೂಚಿಯಲ್ಲಿ, ಅಂದರೆ ಅಭ್ಯರ್ಥಿಗಳು ತಾವೇ ತಯಾರಿಸಿಕೊಂಡು ‘ಇಂಡೆಕ್ಸ್’ ಎಂದು ಕರೆಯುವ ಕಾಗದದ ಕಟ್ಟಿನಲ್ಲಿ.

ಅಕ್ಷರಕ್ರಮದ ಪಟ್ಟಿಗೆ ಅಷ್ಟು ವೇಗ ಎಲ್ಲಿಂದ ಬರುತ್ತದೆ ಎಂಬುದು ಸರಳ ಗಣಿತ. ಪಟ್ಟಿಯ ನಡುವೆ ತೆರೆದು, ಬೇಕಾದ ಪದ ಮುಂದಿದೆಯೋ ಹಿಂದಿದೆಯೋ ಎಂದು ನೋಡಿ, ಪ್ರತಿ ಸಲವೂ ಅರ್ಧದಷ್ಟನ್ನು ಕೈಬಿಡುತ್ತಾ ಹೋದರೆ ಸಾವಿರ ನಮೂದುಗಳಿದ್ದರೂ ಹತ್ತು ನೋಟಗಳಲ್ಲಿ ಒಂದೇ ನಮೂದು ಉಳಿಯುತ್ತದೆ. ಆದರೆ ಈ ವೇಗ ಒದಗುವುದು ಯಾವ ಪದವನ್ನು ಹುಡುಕಬೇಕೆಂದು ಗೊತ್ತಿದ್ದವರಿಗೆ ಮಾತ್ರ. ಹೆಚ್ಚಿನವರ ಪದಸೂಚಿ ಸೋಲುವುದೂ ಇಲ್ಲಿಯೇ.

ಒಂದು ಉದಾಹರಣೆಯನ್ನು ಬಿಡಿಸಿ ನೋಡೋಣ. ಪ್ರಶ್ನೆಯಲ್ಲಿ ಜಾಲದ ಸಂಚಾರದ ಒಂದು ತುಣುಕನ್ನು ಕೊಟ್ಟಿದ್ದಾರೆ ಎಂದುಕೊಳ್ಳಿ: ಒಂದು ಯಂತ್ರ ಸಂಪರ್ಕ ಕೋರುವ SYN ಪೊಟ್ಟಣವನ್ನು ಕಳುಹಿಸಿದೆ, ಎದುರಿನ ಸರ್ವರ್ ಒಪ್ಪಿಗೆ ಸೂಚಿಸುವ SYN/ACK ಎಂದು ಉತ್ತರಿಸಿದೆ, ಕೂಡಲೇ ಮೊದಲ ಯಂತ್ರ ಸಂಪರ್ಕ ಕಡಿಯುವ RST ಕಳುಹಿಸಿ ಮಾತು ಮುರಿದಿದೆ. ಇದು ತೆರೆದ ಪೋರ್ಟ್‌ಗಳನ್ನು ಹುಡುಕುವ ಯಾವ ಬಗೆಯ ಸ್ಕ್ಯಾನ್ ಎಂಬುದು ಪ್ರಶ್ನೆ. ಆಯ್ಕೆಗಳಲ್ಲಿ ಅಂಥ ಹುಡುಕಾಟ ಮಾಡುವ nmap ಉಪಕರಣದ -sS, -sT ಎರಡೂ ಇವೆ. ಅಭ್ಯರ್ಥಿಯ ಪದಸೂಚಿಯಲ್ಲಿ ‘ಎನ್’ ಅಕ್ಷರದ ಕೆಳಗೆ, ಎರಡನೆಯ ಪುಸ್ತಕಕ್ಕೆ B2, ಮೂರನೆಯದಕ್ಕೆ B3 ಎಂಬ ಗುರುತಿನೊಡನೆ, ಹೀಗೊಂದು ಸಾಲಿದೆ (ಪುಟಸಂಖ್ಯೆಗಳು ಮಾದರಿಗಾಗಿ ಮಾತ್ರ):

```
Nmap    B2: 14, 15, 17, 22, 31, 48    B3: 9, 60
```

ಇದು ಪದಸೂಚಿಯಂತೆ ಕಾಣುತ್ತದೆ, ಆದರೆ ಕೆಲಸಕ್ಕೆ ಬರುವುದಿಲ್ಲ. ಎಂಟು ಪುಟಗಳನ್ನು ತಿರುವಿ ಹಾಕುವ ಹೊತ್ತಿಗೆ ನಾಲ್ಕು ನಿಮಿಷ ಕಳೆದಿರುತ್ತದೆ. ಅದಕ್ಕಿಂತ ದೊಡ್ಡ ತೊಂದರೆಯೆಂದರೆ, ಪ್ರಶ್ನೆಯ ತುಣುಕಿನಲ್ಲಿ ಎದ್ದು ಕಾಣುವುದು nmap ಎಂಬ ಹೆಸರಲ್ಲ, ಮೂರು ಪೊಟ್ಟಣಗಳ ಸರಣಿ. ಆಯ್ಕೆಗಳಲ್ಲಿ ಹೆಸರು ಇರದಿದ್ದರೆ ಈ ಸಾಲಿನತ್ತ ಬರುವ ದಾರಿಯೇ ಇರುತ್ತಿರಲಿಲ್ಲ. ಅದೇ ವಿಷಯವನ್ನು ಹೀಗೆ ಬರೆದುಕೊಂಡಿದ್ದರೆ ಮಾತು ಬೇರೆಯಾಗುತ್ತಿತ್ತು:

```
half-open scan   see SYN scan
SYN scan (-sS)   SYN > SYN/ACK > RST; no ACK; needs root     B2:22
TCP connect (-sT) SYN > SYN/ACK > ACK > RST; service may log  B2:22
RST right after SYN/ACK   -sS (if ACK comes between: -sT)     B2:22
```

ಕೊನೆಯ ಸಾಲನ್ನು ಗಮನಿಸಿ. ಅದು ಪುಸ್ತಕದ ಯಾವ ಶೀರ್ಷಿಕೆಯೂ ಅಲ್ಲ. ಕಣ್ಣಿಗೆ ಕಾಣುವ ಲಕ್ಷಣದ ಹೆಸರಿನಲ್ಲಿಯೇ ಬರೆದ ನಮೂದು. ಎರಡೂ ಸ್ಕ್ಯಾನ್‌ಗಳ ಕೊನೆಯಲ್ಲಿ RST ಬರಬಹುದಾದ್ದರಿಂದ ‘RST ಇದೆ’ ಎಂಬುದಷ್ಟೇ ಸುಳಿವಾಗಲಾರದು, ನಡುವೆ ಸಂಪರ್ಕವನ್ನು ಪೂರ್ಣಗೊಳಿಸುವ ACK ಇದೆಯೇ ಇಲ್ಲವೇ ಎಂಬುದು ನಿರ್ಣಾಯಕ. ಗೊಂದಲಕ್ಕೆಡೆ ಮಾಡುವ ಎರಡು ವಿಷಯಗಳ ವ್ಯತ್ಯಾಸವನ್ನು ನಮೂದಿನಲ್ಲೇ ಬರೆದಿಟ್ಟರೆ ಅನೇಕ ಸಲ ಪುಸ್ತಕವನ್ನು ತೆರೆಯುವ ಅಗತ್ಯವೂ ಬೀಳುವುದಿಲ್ಲ.

ಲಕ್ಷಣದ ಹೆಸರಿನಲ್ಲಿ ನಮೂದು ಬರೆಯುವುದರ ಬೆಲೆ ಮನೋವಿಜ್ಞಾನಿಗಳಿಗೆ ಬೇರೊಂದು ದಾರಿಯಿಂದ ಪರಿಚಿತವಾದುದು. ಎಂಡೆಲ್ ಟಲ್ವಿಂಗ್ ಮತ್ತು ಝೀನಾ ಪರ್ಲ್‌ಸ್ಟೋನ್ 1966ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ವಿದ್ಯಾರ್ಥಿಗಳಿಗೆ ವರ್ಗಗಳಾಗಿ ಜೋಡಿಸಿದ ಪದಗಳ ಪಟ್ಟಿಯನ್ನು ಕಲಿಸಲಾಯಿತು. ನಂತರ ಕೆಲವರು ಖಾಲಿ ಹಾಳೆಯಲ್ಲಿ ನೆನಪಾದಷ್ಟನ್ನು ಬರೆದರು, ಉಳಿದವರಿಗೆ ವರ್ಗಗಳ ಹೆಸರನ್ನು ಸುಳಿವಾಗಿ ಕೊಡಲಾಯಿತು. ಸುಳಿವು ಸಿಕ್ಕವರು ಹೆಚ್ಚು ಪದಗಳನ್ನು ಬರೆದರು. ಸುಳಿವಿಲ್ಲದೆ ಬರೆದವರಿಗೂ ಆಮೇಲೆ ಅದನ್ನು ಕೊಟ್ಟಾಗ ಬಿಟ್ಟುಹೋಗಿದ್ದ ಪದಗಳು ನೆನಪಿಗೆ ಬಂದವು. ಪದಗಳು ಮನಸ್ಸಿನಲ್ಲಿದ್ದವು, ಕೈಗೆ ಎಟುಕುತ್ತಿರಲಿಲ್ಲ ಅಷ್ಟೆ. ನೆನಪಿನ ಬಗ್ಗೆ ಹೇಳಿದ ಈ ಮಾತು ಮೇಜಿನ ಮೇಲಿರುವ ಐದಾರು ಪುಸ್ತಕಗಳಿಗೂ ಹೊಂದುತ್ತದೆ ಎಂದು ನನ್ನ ಅಭಿಪ್ರಾಯ: ಪ್ರಶ್ನೆ ಕೊಡುವ ಸುಳಿವಿಗೂ ನಮೂದಿನ ಪದಕ್ಕೂ ನಂಟಿಲ್ಲದಿದ್ದರೆ, ಪುಟದಲ್ಲಿ ಮುದ್ರಿತವಾಗಿರುವ ಉತ್ತರವೂ ದೊರೆಯುವುದಿಲ್ಲ.

ಆದ್ದರಿಂದ ಪುಸ್ತಕವನ್ನು ಮೊದಲ ಸಲ ಓದುವಾಗಲೇ ಪದಸೂಚಿ ಬರೆಯತೊಡಗುವುದನ್ನು ನಾನು ಒಪ್ಪುವುದಿಲ್ಲ. ಆಗ ಯಾವುದು ಮುಖ್ಯವೆಂದು ತಿಳಿಯದೆ ಪುಟದ ದಪ್ಪಕ್ಷರಗಳೆಲ್ಲ ಪಟ್ಟಿಗೆ ಸೇರಿಬಿಡುತ್ತವೆ. ಮೊದಲ ಓದು ಅರ್ಥಕ್ಕಾಗಿ ಇರಲಿ. ಎರಡನೆಯ ಓದಿನಲ್ಲಿ ಪ್ರತಿ ಪುಟದ ಮುಂದೆ ನಿಂತು, ಇದರಿಂದ ಪ್ರಶ್ನೆ ಮಾಡುವವರು ಏನನ್ನು ತೋರಿಸಿ ಏನನ್ನು ಮುಚ್ಚಿಡಬಹುದು ಎಂದು ಕೇಳಿಕೊಂಡು, ತೋರಿಸುವುದನ್ನು ಪದವಾಗಿಯೂ ಮುಚ್ಚಿಡುವುದನ್ನು ವಿವರವಾಗಿಯೂ ಸ್ಪ್ರೆಡ್‌ಶೀಟ್‌ನ ನಾಲ್ಕು ಅಂಕಣಗಳಲ್ಲಿ ದಾಖಲಿಸಬೇಕು: ಪದ, ಒಂದು ಸಾಲಿನ ವಿವರ, ಪುಸ್ತಕದ ಸಂಖ್ಯೆ, ಪುಟ. ಇನ್ನೊಬ್ಬರ ಪದಸೂಚಿಯನ್ನು ಎರವಲು ಪಡೆಯುವವರು ಈ ಯೋಚನೆಯನ್ನೇ ಕಳೆದುಕೊಳ್ಳುತ್ತಾರೆ. ಪುಸ್ತಕದ ಆವೃತ್ತಿ ಬದಲಾಗಿದ್ದರೆ ಪುಟಸಂಖ್ಯೆಗಳೂ ತಪ್ಪಿ ಹೋಗುತ್ತವೆ.

ಪದಸೂಚಿ ಚೆನ್ನಾಗಿದೆಯೇ ಎಂಬುದನ್ನು ಅಭ್ಯಾಸ ಪರೀಕ್ಷೆಯಲ್ಲಿ ಬಂದ ಅಂಕ ಹೇಳಲಾರದು. ಪ್ರತಿ ಪ್ರಶ್ನೆಯ ಜೊತೆಗೆ ಒಂದು ಚಿಕ್ಕ ಗುರುತು ಹಾಕಿಕೊಂಡು ಹೋಗಬೇಕು: ನೋಡದೆ ಉತ್ತರಿಸಿದೆನೇ, ಹುಡುಕಿದ ಪದ ಪಟ್ಟಿಯಲ್ಲಿ ಇರಲೇ ಇಲ್ಲವೇ, ಪದವಿದ್ದರೂ ಪುಟಕ್ಕೆ ಹೋದ ಮೇಲೆ ಸಾಲನ್ನು ಹುಡುಕುತ್ತಾ ಕುಳಿತೆನೇ, ಗೊತ್ತಿದೆ ಎಂಬ ಧೈರ್ಯದಿಂದ ನೋಡದೆ ತಪ್ಪಿದೆನೇ. ಪದವೇ ಇಲ್ಲದಿದ್ದರೆ, ಆ ಕ್ಷಣದಲ್ಲಿ ಮನಸ್ಸಿಗೆ ಬಂದ ಪದವನ್ನೇ, ಅದು ಪುಸ್ತಕದ ಪರಿಭಾಷೆ ಅಲ್ಲದಿದ್ದರೂ, ಹೊಸ ನಮೂದಾಗಿ ಸೇರಿಸಬೇಕು. ಪುಟದಲ್ಲಿ ತಡಕಾಡಿದ್ದರೆ ವಿವರದ ಅಂಕಣ ತೆಳುವಾಗಿದೆ ಎಂದರ್ಥ. ಧೈರ್ಯದಿಂದ ತಪ್ಪಿದ್ದು ಮಾತ್ರ ಪದಸೂಚಿಯ ದೋಷವಲ್ಲ. ಅಲ್ಲಿ ಆ ಅಧ್ಯಾಯವನ್ನೇ ಮತ್ತೆ ಓದಬೇಕು. ಅಭ್ಯಾಸದ ಪ್ರಶ್ನೆಗಳನ್ನೇ ನಕಲು ಮಾಡಿ ಟಿಪ್ಪಣಿಗೆ ಅಂಟಿಸಿಕೊಳ್ಳುವುದು ನಿಯಮಕ್ಕೆ ವಿರುದ್ಧ ಎಂಬುದೂ ನೆನಪಿನಲ್ಲಿರಲಿ.

ಪರೀಕ್ಷೆಯ ಒಂದು ಭಾಗ ಮಾತ್ರ ಈ ವ್ಯವಸ್ಥೆಗೆ ಪೂರ್ತಿ ಒಗ್ಗುವುದಿಲ್ಲ. ಕೆಲವು ಪ್ರಶ್ನೆಗಳಲ್ಲಿ ಪರದೆಯ ಮೇಲೆ ನಿಜವಾದ ಯಂತ್ರವನ್ನೇ ಕೊಟ್ಟು, ಆಜ್ಞೆಗಳನ್ನು ಬೆರಳಚ್ಚಿಸಿ ಉತ್ತರ ಕಂಡುಹಿಡಿಯಲು ಹೇಳುತ್ತಾರೆ. ವಿಂಡೋಸ್‌ನಲ್ಲಿ ಯಾವ ಪೋರ್ಟನ್ನು ಯಾವ ಪ್ರಕ್ರಿಯೆ ಹಿಡಿದುಕೊಂಡಿದೆ ಎಂದು ನೋಡಲು `netstat -ano` ಎಂದು ಪದಸೂಚಿ ಹೇಳೀತು. ಆದರೆ ಬಂದ ಹತ್ತಾರು ಸಾಲುಗಳ ಕೊನೆಯ ಅಂಕಣದಲ್ಲಿರುವ ಸಂಖ್ಯೆಯೇ ಪ್ರಕ್ರಿಯೆಯ ಗುರುತು ಎಂದು, ಅದರ ಹೆಸರಿಗಾಗಿ `tasklist` ಕೇಳಬೇಕೆಂದು ಕೈಗೆ ರೂಢಿ ಇರಬೇಕು. ಇಂಥ ಆಜ್ಞೆಗಳಿಗಾಗಿ ಅಕ್ಷರಕ್ರಮದ ಪಟ್ಟಿಯಿಂದ ಬೇರೆಯಾದ ಒಂದೆರಡು ಹಾಳೆಗಳನ್ನಿಟ್ಟುಕೊಂಡು, ಅದರಲ್ಲಿ ಪ್ರತಿ ಆಜ್ಞೆಯ ಕೆಳಗೆ ಅದರ ಫಲಿತಾಂಶದ ಎರಡು ಸಾಲುಗಳನ್ನು ಅಭ್ಯಾಸದ ಯಂತ್ರದಿಂದಲೇ ಎತ್ತಿ ಬರೆದಿಟ್ಟುಕೊಳ್ಳುವುದು ಉತ್ತಮ.