ಒಳಬಾಡಿಗೆ ಪತ್ತೆಯಾದರೆ ಬೀಗ ಬದಲಿಸಬಹುದೇ?

ಪ್ರಶ್ನೆ: ಮೂರು ಕೋಣೆಗಳ ಮನೆಯನ್ನು ಬಾಡಿಗೆಗೆ ಪಡೆದವರು ನನ್ನನ್ನು ಕೇಳದೆ ಎರಡು ಕೋಣೆಗಳನ್ನು ಬೇರೆಯವರಿಗೆ ಕೊಟ್ಟಂತಿದೆ. ಬೀಗ ಬದಲಿಸಿ ಎಲ್ಲರನ್ನೂ ಹೊರಗೆ ಕಳಿಸಬಹುದೇ?

ಉತ್ತರ: ಈ ಪ್ರಶ್ನೆಗೆ ಎಷ್ಟನೆಯ ಸಲ ಉತ್ತರಿಸುತ್ತಿದ್ದೇನೆಂಬ ಲೆಕ್ಕ ನನಗೇ ತಪ್ಪಿದೆ. ಕಳಿಸುವಂತಿಲ್ಲ.

ಮೊದಲು ಅನುಮಾನವನ್ನು ಪರೀಕ್ಷಿಸಿ. ಹೊಸ ಮುಖಗಳು ಕಂಡಮಾತ್ರಕ್ಕೆ ಒಳಬಾಡಿಗೆಯಾಗುವುದಿಲ್ಲ. ತಿಂಗಳುಗಟ್ಟಲೆ ಉಳಿದ ನೆಂಟರೂ ಅತಿಥಿಗಳೇ ಆಗಿರಬಹುದು. ಆ ಕೋಣೆ ಪೂರ್ತಿಯಾಗಿ ಅವರ ವಶದಲ್ಲಿದೆಯೇ, ಅದಕ್ಕಾಗಿ ಅವರು ಹಣ ಕೊಡುತ್ತಿದ್ದಾರೆಯೇ ಎಂಬೆರಡೇ ಇಲ್ಲಿ ಮುಖ್ಯ. ಲಿಖಿತವಾಗಿ ಮುಂಚಿತವಾಗಿ ತಿಳಿಸಿ ಮನೆ ನೋಡಲು ಹೋದಾಗ, ಒಳಗಿನ ಕೋಣೆಯ ಬಾಗಿಲಿಗೆ ಬೇರೆ ಬೀಗವಿದ್ದು ಅದರ ಕೀಲಿ ನಿಮ್ಮ ಬಾಡಿಗೆದಾರರ ಬಳಿ ಇಲ್ಲದಿದ್ದರೆ ಮೊದಲನೆಯದಕ್ಕೆ ಸುಳಿವು ಸಿಕ್ಕಿತು. ಎರಡನೆಯದನ್ನು ಕೋಣೆಯಲ್ಲಿರುವವರನ್ನೇ ಸಮಾಧಾನದಿಂದ ಕೇಳಿ. ಮಾಲೀಕರ ಒಪ್ಪಿಗೆಯಿದೆಯೆಂದು ನಂಬಿ ಬಂದವರಾದರೆ, ಹಣ ಕಳಿಸಿದ ದಾಖಲೆಯನ್ನು ತಾವಾಗಿಯೇ ತೋರಿಸುವುದುಂಟು.

ಇನ್ನು ಬೀಗದ ವಿಚಾರ. "ಅವರೊಂದಿಗೆ ನನಗೆ ಕರಾರೇ ಇಲ್ಲ, ಆದ್ದರಿಂದ ಅವರು ಅತಿಕ್ರಮಣಕಾರರು" ಎಂಬ ವಾದದ ಮೊದಲರ್ಧ ನಿಜ, ಉಳಿದರ್ಧ ತಪ್ಪು. ಅವರು ಗೋಡೆ ಹಾರಿ ಬಂದವರಲ್ಲ, ನೀವೇ ಮನೆಯನ್ನು ವಹಿಸಿಕೊಟ್ಟ ಬಾಡಿಗೆದಾರರು ಒಳಗೆ ಬಿಟ್ಟವರು. ಷರತ್ತು ಮುರಿದ ಕ್ಷಣಕ್ಕೆ ಕರಾರು ತಾನಾಗಿ ಸಾಯುವುದೂ ಇಲ್ಲ. ಅದನ್ನು ಕೊನೆಗೊಳಿಸಲು ನೋಟಿಸು ಬೇಕು, ಆಮೇಲೂ ಬಿಡದಿದ್ದರೆ ನ್ಯಾಯಾಲಯದ ಆದೇಶ ಬೇಕು. ಬೀಗ ಬದಲಿಸುವುದು, ನೀರು ಅಥವಾ ವಿದ್ಯುತ್ ಕಡಿತಗೊಳಿಸುವುದು, ಸಾಮಾನು ಹೊರಗಿಡುವುದು ಬಹುತೇಕ ಎಲ್ಲ ಕಡೆಯೂ ಕಾನೂನುಬಾಹಿರ. ಹಾಗೆ ಮಾಡಿದರೆ ತಪ್ಪು ಮಾಡಿದ ಬಾಡಿಗೆದಾರರೇ ದೂರುದಾರರಾಗುತ್ತಾರೆ, ನೀವು ಉತ್ತರ ಕೊಡುವವರಾಗುತ್ತೀರಿ.

ಕರಾರುಪತ್ರ ತೆರೆದು ಒಳಬಾಡಿಗೆಯ ಷರತ್ತನ್ನು ಓದಿ. ಅಂಥ ಷರತ್ತೇ ಇಲ್ಲದಿದ್ದರೆ ಸ್ಥಳೀಯ ಕಾನೂನು ಏನನ್ನುತ್ತದೆಂದು ವಕೀಲರಿಂದ ತಿಳಿಯದೆ ಮುಂದುವರಿಯಬೇಡಿ. ಇದ್ದರೆ, ಷರತ್ತಿನ ಸಂಖ್ಯೆ, ನೀವು ಭೇಟಿ ಕೊಟ್ಟ ದಿನ, ಕಂಡದ್ದು ಮತ್ತು ಸರಿಪಡಿಸಲು ಕೊಟ್ಟ ಗಡುವು ಇಷ್ಟನ್ನೂ ಬರೆದು ಬಾಡಿಗೆದಾರರಿಗೆ ನೋಟಿಸು ಕಳಿಸಿ. ಅನೇಕ ಪ್ರಕರಣಗಳು ಇಲ್ಲಿಯೇ ಮುಗಿಯುತ್ತವೆ: ಕೋಣೆಗಳು ಇಂಥ ದಿನ ತೆರವಾಗಬೇಕು, ಅವರಿಂದ ಪಡೆದ ಮುಂಗಡವನ್ನು ಬಾಡಿಗೆದಾರರೇ ಹಿಂದಿರುಗಿಸಬೇಕು ಎಂದು ಬರೆದು ಮೂರೂ ಕಡೆಯವರು ಸಹಿ ಹಾಕಿದರೆ ಸಾಕು.

ನೀವು ಕೇಳದ ಇನ್ನೊಂದು ಮಾತು. ಈ ನಡುವೆ ಕೋಣೆಯವರು "ಬಾಡಿಗೆಯನ್ನು ನಿಮಗೇ ಕೊಡುತ್ತೇವೆ" ಎಂದರೆ ಆಸೆಪಟ್ಟು ಪಡೆಯಬೇಡಿ. ಒಂದು ತಿಂಗಳ ಹಣಕ್ಕೆ ರಸೀದಿ ಕೊಟ್ಟರೂ, ನೀವು ಒಳಬಾಡಿಗೆಗೆ ಒಪ್ಪಿದಿರಿ, ಅವರನ್ನು ನಿಮ್ಮ ಬಾಡಿಗೆದಾರರೆಂದೇ ಅಂಗೀಕರಿಸಿದಿರಿ ಎಂಬ ವಾದಕ್ಕೆ ಅದು ಆಧಾರವಾಗುತ್ತದೆ. ವಿಷಯ ತಿಳಿದ ಮೇಲೆ ಮೂಲ ಬಾಡಿಗೆದಾರರಿಂದ ಹಣ ಪಡೆಯುವಾಗಲೂ, ಇದು ಒಳಬಾಡಿಗೆಗೆ ಒಪ್ಪಿಗೆಯಲ್ಲ ಎಂದು ರಸೀದಿಯಲ್ಲಿ ಬರೆಯಿರಿ. ಆ ಸಾಲು ಸಾಲುವುದೇ ಎಂಬುದನ್ನೂ ವಕೀಲರನ್ನು ಕೇಳಿಕೊಳ್ಳಿ.