‘ಮುಖ ಕಾಣುತ್ತಿಲ್ಲ’, ‘ಟ್ಯಾಬ್ ಬದಲಾಗಿದೆ’: ಆನ್‌ಲೈನ್ ಪರೀಕ್ಷೆಯ ಎರಡು ಎಚ್ಚರಿಕೆಗಳು

ಪ್ರಾಕ್ಟರಿಂಗ್ ಎಂದರೆ ಪರೀಕ್ಷಾ ಕೊಠಡಿಯ ಮೇಲ್ವಿಚಾರಣೆ. ಮನೆಯಲ್ಲಿ ಕೂತು ಬರೆಯುವ ಪರೀಕ್ಷೆಯಲ್ಲಿ ಈ ಕೆಲಸವನ್ನು ಕ್ಯಾಮೆರಾ ಮತ್ತು ಬ್ರೌಸರ್ ಹಂಚಿಕೊಳ್ಳುತ್ತವೆ. ಮುಖದ ಎಚ್ಚರಿಕೆ ಕ್ಯಾಮೆರಾದ್ದು, ಟ್ಯಾಬಿನದು ಬ್ರೌಸರಿನದು. ಒಂದರ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ.

ಸೇಡಂನ ಒಬ್ಬ ವಿದ್ಯಾರ್ಥಿನಿ ಏಪ್ರಿಲ್ ತಿಂಗಳ ಮಧ್ಯಾಹ್ನ 3 ಗಂಟೆಗೆ ಪರೀಕ್ಷೆಗೆ ಕೂತಿದ್ದಾಳೆ ಎಂದುಕೊಳ್ಳಿ. ಸೆಕೆ ತಾಳದೆ ಬೆನ್ನ ಹಿಂದಿನ ಪಡುವಣ ಕಿಟಕಿ ತೆಗೆದಿದ್ದಾಳೆ. ಹೊರಗಿನ ಬಿಸಿಲಿಗೆ ಹೊಂದಿಕೊಳ್ಳಲು ಕ್ಯಾಮೆರಾ ಇಡೀ ಚಿತ್ರವನ್ನು ಮಬ್ಬಾಗಿಸುತ್ತದೆ. ಅವಳ ಮುಖ ಕಪ್ಪು ನೆರಳಾಗುತ್ತದೆ. ತಂತ್ರಾಂಶ ಹುಡುಕುವುದು ಕಣ್ಣು, ಮೂಗು, ಬಾಯಿ ಇರುವ ಆಕಾರವನ್ನು. ಅದು ಸಿಗದಿದ್ದರೆ, ಆಕೆ ಎದುರಿಗೇ ಇದ್ದರೂ, Face not visible ಎಂದು ಬರುತ್ತದೆ. ತೊಡೆಯ ಮೇಲೆ ಹಾಳೆ ಇಟ್ಟುಕೊಂಡು ತಲೆ ಬಗ್ಗಿಸಿ ಲೆಕ್ಕ ಮಾಡಿದರೂ ಅಷ್ಟೇ, ಕ್ಯಾಮೆರಾಗೆ ನೆತ್ತಿ ಮಾತ್ರ ಕಾಣುತ್ತದೆ. ಕರೆಂಟ್ ಹೋದಾಗಲೂ ಹೀಗೇ: ಲ್ಯಾಪ್‌ಟಾಪ್ ಬ್ಯಾಟರಿ ಮೇಲೆ ಓಡುತ್ತದೆ, ಕೋಣೆಯ ಟ್ಯೂಬ್‌ಲೈಟ್ ಓಡುವುದಿಲ್ಲ.

ಈಗ ಅವಳು ಗಾಬರಿಯಾಗಿ ಕ್ಯಾಮೆರಾ ಸೆಟ್ಟಿಂಗ್ ತೆರೆಯುತ್ತಾಳೆ. ಎರಡನೆಯ ಎಚ್ಚರಿಕೆ ಬೀಳುವುದು ಇಲ್ಲೇ. ಪರೀಕ್ಷೆಯ ಪುಟ ಮರೆಯಾದರೆ ಬ್ರೌಸರ್ ಅದಕ್ಕೆ visibilitychange ಎಂಬ ಸೂಚನೆ ಕೊಡುತ್ತದೆ. ಪುಟ ಕಾಣುತ್ತಲೇ ಇದ್ದು ಬೇರೆ ವಿಂಡೋ ಮೇಲೆ ಕ್ಲಿಕ್ ಮಾಡಿದರೂ blur ಎಂಬ ಸೂಚನೆ ಹೋಗುತ್ತದೆ. ಹಾಗಾಗಿ ಮೂಲೆಯಲ್ಲಿ ಎದ್ದ ಆಂಟಿವೈರಸ್ ಪೆಟ್ಟಿಗೆಯನ್ನು ಮುಚ್ಚಲು ಹೋದದ್ದೂ ಕೆಲವು ಪರೀಕ್ಷೆಗಳಲ್ಲಿ ಲೆಕ್ಕಕ್ಕೆ ಸೇರುತ್ತದೆ. ಸಾಮಾನ್ಯ ಬ್ರೌಸರಿನಲ್ಲಿ ಪುಟಕ್ಕೆ ತಿಳಿಯುವುದು ನೀವು ಹೋದದ್ದು, ಬಂದದ್ದು, ಎಷ್ಟು ಸೆಕೆಂಡ್ ಎಂಬುದಷ್ಟೆ. ಎಲ್ಲಿಗೆ ಹೋದಿರಿ ಎಂಬುದಲ್ಲ. ನಿರಪರಾಧಿಗೆ ಇದೇ ತೊಡಕು, ಏಕೆಂದರೆ ಸೆಟ್ಟಿಂಗಿಗೆ ಹೋದವರೂ ಉತ್ತರ ಹುಡುಕಲು ಹೋದವರೂ ಅದಕ್ಕೆ ಒಂದೇ. ಪೂರ್ತಿ ಸ್ಕ್ರೀನ್ ಹಂಚಿಕೊಳ್ಳಲು ಅನುಮತಿ ಕೊಟ್ಟಿದ್ದರೆ ಮಾತು ಬೇರೆ. ಆಗ ತೆರೆದದ್ದೆಲ್ಲ ಕಾಣುತ್ತದೆ.

ಆದ್ದರಿಂದ ಕ್ಯಾಮೆರಾ ಪರೀಕ್ಷಿಸುವುದು ಪರೀಕ್ಷೆಯ ಹಿಂದಿನ ದಿನ, ಅದೂ ಪರೀಕ್ಷೆ ನಡೆಯುವ ಹೊತ್ತಿಗೇ. ಬೆಳಿಗ್ಗೆಯ ಬೆಳಕು ಮಧ್ಯಾಹ್ನಕ್ಕೆ ಇರುವುದಿಲ್ಲ. ಕಿಟಕಿ ಮುಖದೆದುರು ಬರುವಂತೆ ಕೂತು, ಕ್ಯಾಮೆರಾ ಆ್ಯಪಿನಲ್ಲಿ ಎರಡೂ ಕಣ್ಣು ಸ್ಪಷ್ಟವಾಗಿವೆಯೇ ನೋಡಿ. ಎಮರ್ಜೆನ್ಸಿ ಲೈಟನ್ನು ಲ್ಯಾಪ್‌ಟಾಪಿನ ಹಿಂದೆ, ನಿಮ್ಮ ಕಡೆ ಮುಖ ಮಾಡಿ ಇಡಿ. ವಿಂಡೋಸ್ 11ರಲ್ಲಿ Settings, System, Notifications ಒಳಗೆ Do not disturb ಆನ್ ಮಾಡಿ. ವಾಟ್ಸ್‌ಆ್ಯಪ್ ಡೆಸ್ಕ್‌ಟಾಪ್ ಮತ್ತು ಬೇರೆ ಬ್ರೌಸರ್‌ಗಳನ್ನು ಮುಚ್ಚಿಬಿಡಿ.

ನಡುವೆ ಮುಖದ ಎಚ್ಚರಿಕೆ ಬಂದರೆ ಮೌಸ್ ಮುಟ್ಟುವ ಮುಂಚೆ ಮೂಲೆಯ ನಿಮ್ಮ ಪುಟ್ಟ ಚಿತ್ರವನ್ನು ನೋಡಿ. ಕಪ್ಪಾಗಿದ್ದರೆ ಕಿಟಕಿಗೆ ಪರದೆ ಎಳೆಯಿರಿ ಅಥವಾ ಲ್ಯಾಪ್‌ಟಾಪ್ ತಿರುಗಿಸಿ, ಆದರೆ ಕ್ಯಾಮೆರಾದ ಕಣ್ಣಳತೆಯಿಂದ ಹೊರಗೆ ಹೋಗಬೇಡಿ. ಚಿತ್ರ ಸರಿಹೋಗದಿದ್ದರೆ, ಅಥವಾ ಸರಿಯಿದ್ದೂ ಎಚ್ಚರಿಕೆ ನಿಲ್ಲದಿದ್ದರೆ, ಪರೀಕ್ಷಾ ಪುಟದೊಳಗಿನ ಚಾಟ್‌ನಲ್ಲಿಯೇ ಸಮಯ ಸಮೇತ ಬರೆಯಿರಿ: ‘3:12ಕ್ಕೆ ಕರೆಂಟ್ ಹೋಯಿತು, ಮುಖದ ಎಚ್ಚರಿಕೆ ಬರುತ್ತಿದೆ’. ಆಮೇಲೆ ದಾಖಲೆ ತೆಗೆದು ನೋಡುವವರಿಗೆ ಆ 3:12ರ ಚಿತ್ರ ಪಕ್ಕದಲ್ಲೇ ಸಿಗುತ್ತದೆ.